ಕಾಶಿ ರೈಲಿಗೆ ಬರೆದ ಎರಡು ಪಟ್ಟಿ

ಕಾಶಿಗೆ ಹೋಗಬೇಕು ಅನ್ನೋದು ನಮ್ಮ ಅತ್ತೆಯವರ ಬಹಳ ದಿನದ ಆಸೆ. ಹೋದ ಫೆಬ್ರವರಿಯಲ್ಲಿ ಅದು ಕೂಡಿಬಂತು. ಅತ್ತೆ, ಮಾವ, ನಾನು, ನಮ್ಮೆಜಮಾನ್ರು, ಒಂಬತ್ತು ವರ್ಷದ ಮಗ, ನಾಲ್ಕು ವರ್ಷದ ಮಗಳು. ರೈಲಲ್ಲಿ ಹೋಗುವಾಗ ಎರಡು ರಾತ್ರಿ, ಬರುವಾಗ ಎರಡು ರಾತ್ರಿ, ನಡುವೆ ಕಾಶಿಯಲ್ಲಿ ಮೂರು ರಾತ್ರಿ. ಅಷ್ಟು ದೂರ ಎಲ್ಲರೂ ಒಟ್ಟಿಗೆ ಹೋಗ್ತಿದ್ದದ್ದು ಅದೇ ಮೊದಲು.

ಹದಿನೈದು ದಿನ ಮುಂಚೆಯೇ ನೋಟ್ ಪುಸ್ತಕದಲ್ಲಿ ಪಟ್ಟಿ ಶುರು ಮಾಡಿದೆ. ಬಟ್ಟೆ, ತಿಂಡಿ, ಔಷಧಿ, ಪೂಜೆ ಸಾಮಾನು ಅಂತ ಬೇರೆ ಬೇರೆ ಪುಟ. ಮಾತ್ರೆ ಲೆಕ್ಕವನ್ನು ಚೆನ್ನಾಗಿಯೇ ಹಾಕಿದ್ದೆ. ಎಂಟು ದಿನದ ಪ್ರವಾಸ, ರೈಲು ತಡವಾಗಬಹುದು, ಯಾರಿಗಾದರೂ ಹುಷಾರು ತಪ್ಪಬಹುದು ಅಂತ ಮೂರು ದಿನ ಜಾಸ್ತಿ, ಒಟ್ಟು ಹನ್ನೊಂದು ದಿನಕ್ಕೆ. ಅತ್ತೆಯವರ ಬಿಪಿ ಮಾತ್ರೆ ದಿನಕ್ಕೊಂದು, ಹನ್ನೊಂದು. ಮಾವನವರ ಸಕ್ಕರೆ ಕಾಯಿಲೆ ಮಾತ್ರೆ ದಿನಕ್ಕೆರಡು, ಇಪ್ಪತ್ತೆರಡು. ಜೊತೆಗೆ ಡಾಕ್ಟರ ಚೀಟಿ. ಮಾವನವರು ಇನ್ಸುಲಿನ್ ಪೆನ್ನನ್ನೂ ಹಾಕಿಕೊಳ್ಳುತ್ತಾರೆ. ಅದನ್ನು ಐಸ್ ತುಂಬಿದ ಡಬ್ಬಿಯಲ್ಲಿಡೋಣ ಅಂದುಕೊಂಡಿದ್ದೆ. ಡಾಕ್ಟರು ಬೇಡ ಅಂದರು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರೋದಿಲ್ಲ. ಬಳಸಲು ಶುರು ಮಾಡಿದ ಪೆನ್ನು 30 ಡಿಗ್ರಿ ದಾಟದ ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಹೊರಗೇ ಇರಬಹುದಂತೆ. ಎಷ್ಟು ದಿನ ಅಂತ ಅದರ ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ, ನೋಡಿಕೊಳ್ಳಿ ಅಂದರು.

ನಾವಿರೋದು ಮಂಡ್ಯದಲ್ಲಿ. ಇಲ್ಲಿ ರೈಲು ಒಂದೆರಡು ನಿಮಿಷ ನಿಲ್ಲುತ್ತದೆ ಅಷ್ಟೇ. ಅಷ್ಟರಲ್ಲಿ ಮಾವನವರನ್ನು ಹತ್ತಿಸಿ, ಮಕ್ಕಳನ್ನು ಹತ್ತಿಸಿ, ಸಾಮಾನು ಹಾಕೋದು ಆಗದ ಮಾತು. ಅದಕ್ಕೆ ಮೈಸೂರಿಗೇ ಹೋಗಿ, ರೈಲು ಹೊರಡೋ ಜಾಗದಲ್ಲೇ ಹತ್ತಿದೆವು. ವಯಸ್ಸಾದವರು ಜೊತೆಗಿದ್ದರೆ ಇದು ನಿಜಕ್ಕೂ ಒಳ್ಳೇದು. ಆದರೂ ಪ್ಲಾಟ್‌ಫಾರ್ಮಿನಲ್ಲಿ ನಿಂತು ಎಣಿಸಿದಾಗ ಗಾಬರಿಯಾಯಿತು. ಒಂಬತ್ತು ಗಂಟು. ಹೊರಬಲ್ಲವರು ಇಬ್ಬರೇ. ನನ್ನ ಒಂದು ಕೈ ಮಗಳಿಗೆ, ನಮ್ಮೆಜಮಾನ್ರ ಒಂದು ಕೈ ಮಾವನವರಿಗೆ ಬೇಕೇ ಬೇಕು. ಮೂರನೇ ದರ್ಜೆ ಎಸಿಯಲ್ಲಿ ಒಂದು ಟಿಕೆಟ್ಟಿಗೆ ನಲವತ್ತು ಕಿಲೋ ಒಯ್ಯಬಹುದು ಅಂತ ನೋಡಿ ಸಮಾಧಾನಪಟ್ಟುಕೊಂಡಿದ್ದೆ. ಕಿಲೋ ಲೆಕ್ಕ ಸರಿಯಿತ್ತು, ಕೈ ಲೆಕ್ಕ ಹಾಕಿರಲಿಲ್ಲ.

ಮೊದಲ ರಾತ್ರಿ ಮನೆಯ ಪುಳಿಯೋಗರೆ, ಚಪಾತಿ ಇತ್ತು. ಎಲ್ಲ ಸಲೀಸಾಗಿ ನಡೆಯಿತು. ತೊಂದರೆ ಆದದ್ದು ಎರಡನೇ ರಾತ್ರಿ.

ಊಟಕ್ಕೆ ಹೇಳಿದ್ದೆವು, ಎಂಟಕ್ಕೆ ಬರುತ್ತೆ ಅಂದಿದ್ದರು. ಮನೆಯಲ್ಲಿ ಮಾಡುವ ಹಾಗೆ ಮಾವನವರು ಏಳೂಮುಕ್ಕಾಲಿಗೇ ಇನ್ಸುಲಿನ್ ಹಾಕಿಕೊಂಡರು. ಎಂಟೂವರೆ ಆದರೂ ಊಟ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮಗ ನನ್ನ ಸೆರಗು ಎಳೆದ. 'ಅಮ್ಮಾ, ತಾತ ಯಾಕೋ ಬೆವರ್ತಿದ್ದಾರೆ.' ಎಸಿ ಡಬ್ಬಿಯಲ್ಲಿ ನಾವೆಲ್ಲ ಶಾಲು ಹೊದ್ದು ಕೂತಿದ್ದೆವು, ಅವರ ಹಣೆ ಮಾತ್ರ ಒದ್ದೆ. ಲೋಟ ಹಿಡಿದ ಕೈ ನಡುಗುತ್ತಿತ್ತು. ಏನಾಯ್ತು ಮಾವ ಅಂದರೆ ಮಾತು ತಡವರಿಸಿತು. ರಕ್ತದಲ್ಲಿ ಸಕ್ಕರೆ ಇಳಿದಿದೆ ಅಂತ ನನಗೆ ತಿಳಿಯಿತು.

ಸಕ್ಕರೆ ತಂದಿದ್ದೆ. ಗ್ಲುಕೋಸ್ ಪುಡಿ ತಂದಿದ್ದೆ. ಸಕ್ಕರೆ ನೋಡೋ ಮಿಷನ್ನೂ ತಂದಿದ್ದೆ. ಪಟ್ಟಿಯಲ್ಲಿ ಮೂರಕ್ಕೂ ಗುರುತು ಹಾಕಿತ್ತು. ಮೂರೂ ದೊಡ್ಡ ಸೂಟ್‌ಕೇಸಿನ ತಳದಲ್ಲಿದ್ದವು. ಸೂಟ್‌ಕೇಸ್ ಕೆಳಗಿನ ಸೀಟಿನಡಿ, ಅದರ ಕೊಂಡಿಗೆ ಚೈನು ಹಾಕಿ ಬೀಗ. ಬೀಗದ ಕೈ ನಮ್ಮೆಜಮಾನ್ರ ಜೇಬಲ್ಲಿ. ಅವರು ಊಟ ವಿಚಾರಿಸಲು ಮುಂದಿನ ಡಬ್ಬಿಗೆ ಹೋಗಿದ್ದರು.

ಎದುರು ಸೀಟಿನ ಹೆಂಗಸು ತಮ್ಮ ಮಗುವಿನ ಮಾವಿನ ಜ್ಯೂಸ್ ಪೊಟ್ಟಣ ಕೊಟ್ಟರು. ಗುಟುಕು ಗುಟುಕಾಗಿ ಕುಡಿಸಿದೆ. ಪುಣ್ಯಕ್ಕೆ ಮಾವನವರಿಗೆ ನುಂಗುವಷ್ಟು ಎಚ್ಚರವಿತ್ತು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಆಗ 139ಕ್ಕೆ ಫೋನ್ ಮಾಡಿ ಮುಂದಿನ ನಿಲ್ದಾಣಕ್ಕೆ ಡಾಕ್ಟರನ್ನು ಕೇಳಬೇಕು. ನಮ್ಮೆಜಮಾನ್ರು ಬಂದು ಬೀಗ ತೆಗೆದು ಮಿಷನ್ ಹುಡುಕಿ ನೋಡುವಾಗ 64 ಇತ್ತು. 70ಕ್ಕಿಂತ ಕೆಳಗೆ ಬರಬಾರದು. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದೆವು. 98. ಊಟ ಬಂದಾಗ ಒಂಬತ್ತೂಮುಕ್ಕಾಲು.

ಅತ್ತೆ ನನ್ನನ್ನು ಬೈಯಲಿಲ್ಲ. ಮಗಳನ್ನು ತೊಡೆ ಮೇಲೆ ಮಲಗಿಸಿಕೊಂಡು ಒಂದೇ ಮಾತು ಹೇಳಿದರು. 'ಎಲ್ಲಾ ತಂದಿದ್ದೀಯ ಕಣವ್ವ. ಬೇಕಾದಾಗ ಕೈಗೆ ಸಿಗ್ನಿಲ್ವಲ್ಲ.'

ಕಾಶಿಯಲ್ಲಿ ಗಂಗೆ ಸ್ನಾನ, ವಿಶ್ವನಾಥನ ದರ್ಶನ ಎಲ್ಲ ನೆಮ್ಮದಿಯಿಂದ ಆಯಿತು. ಕೊನೆಯ ರಾತ್ರಿ ರೂಮಿನಲ್ಲಿ ಕೂತು ಹೊಸ ಪಟ್ಟಿ ಬರೆದೆ. ಈ ಸಲ ಬಟ್ಟೆ, ತಿಂಡಿ ಅಂತ ಪುಟ ಮಾಡಲಿಲ್ಲ. ಗಡಿಯಾರ ಇಟ್ಟುಕೊಂಡು ಬರೆದೆ. ಬೆಳಗ್ಗೆ ಐದಕ್ಕೆ ಯಾರು ಏಳುತ್ತಾರೆ, ಅವರಿಗೆ ಮೊದಲು ಏನು ಬೇಕು, ಅದು ಎಲ್ಲಿರಬೇಕು? ಹೀಗೆ ಮಧ್ಯರಾತ್ರಿವರೆಗೆ.

ರಾತ್ರಿ ಎಂಟರ ಸಾಲು ಹೀಗಿತ್ತು: ಊಟದ ತಟ್ಟೆ ಕೈಗೆ ಬಂದ ಮೇಲೆ ಇನ್ಸುಲಿನ್, ಅದಕ್ಕೆ ಮುಂಚೆ ಬೇಡ. ಇದನ್ನು ಡಾಕ್ಟರಿಗೆ ಫೋನ್ ಮಾಡಿ ಕೇಳಿಯೇ ಬರೆದೆ. ಪೆನ್ನು, ಮಿಷನ್, ಸಕ್ಕರೆ ಡಬ್ಬಿ, ಎರಡು ಜ್ಯೂಸ್ ಪೊಟ್ಟಣ, ಮೂರು ದಿನದ ಮಾತ್ರೆ ಒಂದು ನೀಲಿ ಬಟ್ಟೆ ಚೀಲದಲ್ಲಿ, ಕಿಟಕಿ ಪಕ್ಕದ ಕೊಕ್ಕೆಗೆ. ಉಳಿದ ಮಾತ್ರೆ ನಮ್ಮೆಜಮಾನ್ರ ಬೆನ್ನಚೀಲದಲ್ಲಿ. ಒಂದು ಚೀಲ ಕಳೆದರೂ ಇನ್ನೊಂದಿರುತ್ತದೆ. ಊಟ ತಡವಾದರೆ ಅಂತ ಒಂದು ಡಬ್ಬಿ ಹುರಿಹಿಟ್ಟನ್ನೂ ಸೀಟಿನ ಮೇಲೇ ಇಟ್ಟೆವು.

ರಾತ್ರಿ ಎರಡರ ಸಾಲು ಮಾವನವರೇ ಹೇಳಿ ಬರೆಸಿದ್ದು. ಆ ಹೊತ್ತಿಗೆ ಅವರು ಶೌಚಾಲಯಕ್ಕೆ ಏಳುತ್ತಾರೆ. ಜಾರದ ಚಪ್ಪಲಿ ಸೀಟಿನ ಅಂಚಿಗೆ, ಟಾರ್ಚು ದಿಂಬಿನಡಿ, ಕನ್ನಡಕ ಅಂಗಿ ಜೇಬಲ್ಲಿ.

ಮಕ್ಕಳ ಬಟ್ಟೆಯನ್ನು ಒಂದೊಂದು ಜೊತೆ ಒಂದೊಂದು ಕವರಿಗೆ ಹಾಕಿದೆ, ಚಡ್ಡಿ ಬನಿಯನ್ ಸಮೇತ. ಕೊಳೆಯಾದದ್ದು ಅದೇ ಕವರಿಗೆ ವಾಪಸ್. ಮಗಳಿಗೆ ರೈಲಿನ ಎರಡು ದಿನಕ್ಕೆ ನಾಲ್ಕು ಕವರು ಬೇಕಾಯಿತು, ಮಗನಿಗೆ ಎರಡು ಸಾಕಾಯಿತು. ಓಆರ್‌ಎಸ್ ಪೊಟ್ಟಣದ ಮೇಲೆ 'ಒಂದು ಲೀಟರ್' ಅಂತ ಪೆನ್ನಲ್ಲಿ ದಪ್ಪಗೆ ಬರೆದೆ. ಅವಸರದಲ್ಲಿ ಪೂರ್ತಿ ಪೊಟ್ಟಣವನ್ನು ಒಂದು ಲೋಟಕ್ಕೆ ಕದಡಿಬಿಟ್ಟರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ಕೆಡುಕೇ ಆಗುತ್ತದೆ. ಚಿಕ್ಕ ಪೊಟ್ಟಣಕ್ಕೆ ನೀರಿನ ಅಳತೆ ಬೇರೆ, ಓದಿಯೇ ಕದಡಬೇಕು.

ಒಂಬತ್ತು ಗಂಟು ನಾಲ್ಕಾಯಿತು. ಎರಡು ಸೂಟ್‌ಕೇಸ್, ಎರಡು ಬೆನ್ನಚೀಲ. ಬರುವಾಗಲೂ ಒಂದು ರಾತ್ರಿ ಊಟ ತಡವಾಯಿತು. ಮಾವನವರು ಎರಡು ಚಮಚ ಹುರಿಹಿಟ್ಟು ಮಜ್ಜಿಗೆಗೆ ಕಲಸಿಕೊಂಡು ತಿಂದು, ತಟ್ಟೆ ಬರುವವರೆಗೆ ಮೊಮ್ಮಗನ ಜೊತೆ ಚೌಕಾಬಾರ ಆಡುತ್ತಾ ಕೂತಿದ್ದರು. ನೀಲಿ ಚೀಲ ಅವರ ಭುಜದ ಹತ್ತಿರವೇ ತೂಗುತ್ತಿತ್ತು.

ಮನೆಗೆ ಬಂದ ದಿನವೇ ಸೂಟ್‌ಕೇಸ್ ಬಿಚ್ಚಿ, ಒಂದು ಸಲವೂ ಮುಟ್ಟದ ಸಾಮಾನನ್ನು ಮಂಚದ ಮೇಲೆ ಬೇರೆ ಇಟ್ಟೆ. ನನ್ನ ಮೂರು ಸೀರೆ, ನಾಲ್ಕು ಟವಲು, ಎರಡು ಹೊದಿಕೆ. ಎಸಿ ಡಬ್ಬಿಯಲ್ಲಿ ಹೊದಿಕೆ, ದಿಂಬು ಅವರೇ ಕೊಟ್ಟಿದ್ದರು. ಅವನ್ನೆಲ್ಲ ಪಟ್ಟಿಯಲ್ಲಿ ಹೊಡೆದು ಹಾಕಿದೆ. ಆ ಹಾಳೆ ಈಗ ಸೂಟ್‌ಕೇಸಿನ ಒಳಜೇಬಿನಲ್ಲೇ ಇದೆ.