ಗೆರೆ ಇದೆ, ಮುರಿದಿಲ್ಲ

"ಡಾಕ್ಟ್ರೇ, ಎಕ್ಸ್‌ರೇಯಲ್ಲಿ ಗೆರೆ ಎದ್ದು ಕಾಣ್ತಿದೆ. ಮೂಳೆ ಮುರಿದಿಲ್ಲ ಅಂತ ಹೇಗೆ ಹೇಳ್ತೀರಾ?"

ಬೆಳೆಯುವ ಮಗುವಿನ ಮೂಳೆಯಲ್ಲಿ ಗೆರೆ ಇರಲೇಬೇಕು. ಮೂಳೆ ಬೆಳೆಯುವ ಜಾಗವೇ ಅದು. ಅದಕ್ಕೆ ಗ್ರೋತ್ ಪ್ಲೇಟ್ ಅಂತಾರೆ. ಅಲ್ಲಿರುವುದು ಇನ್ನೂ ಗಟ್ಟಿಯಾಗದ ಮೆತ್ತನೆಯ ಪದರ. ಎಕ್ಸ್‌ರೇ ಅದನ್ನು ಸುಲಭವಾಗಿ ದಾಟುತ್ತದೆ, ಹಾಗಾಗಿ ಫಿಲ್ಮ್ ಮೇಲೆ ಕಪ್ಪಾಗಿ ಬೀಳುತ್ತದೆ. ಮುರಿದ ಮೂಳೆಯ ಸಂದೂ ಕಪ್ಪೇ. ಗೊಂದಲ ಆಗುವುದು ಇಲ್ಲೇ.

ನನಗೆ ಬೇಜಾರಾಗುವುದು "ಎದ್ದು ಕಾಣ್ತಿದೆ" ಅನ್ನುವ ಮಾತಿಗೆ. ನಾನೇನೋ ಮುಚ್ಚಿಡುತ್ತಿದ್ದೇನೆ ಅನ್ನುವ ಹಾಗೆ ಕೇಳುತ್ತಾರೆ.

ಜಯನಗರದಿಂದ ಒಬ್ಬರು 11 ವರ್ಷದ ಮಗಳನ್ನು ಎತ್ತಿಕೊಂಡೇ ಬಂದಿದ್ದರು. ಕುಂಟೆಬಿಲ್ಲೆ ಆಡುವಾಗ ಕಾಲು ಉಳುಕಿತ್ತು. ಬೇರೆ ಕಡೆ ಅರ್ಧ ಪ್ಲಾಸ್ಟರ್ ಹಾಕಿ ಕಳಿಸಿದ್ದರು. ಅಪ್ಪ ಫೋನಿನಲ್ಲಿ ಎಕ್ಸ್‌ರೇ ದೊಡ್ಡದು ಮಾಡಿ ತೋರಿಸಿದರು. ಪಾದದ ಹೊರ ಅಂಚಿನಲ್ಲಿ, ಕಿರುಬೆರಳಿನ ಹಿಂದಿನ ಉದ್ದ ಮೂಳೆಯ ಬುಡದಲ್ಲಿ, ಒಂದು ಚಿಕ್ಕ ಚಕ್ಕೆ ಬೇರೆಯಾಗಿ ನಿಂತಿತ್ತು.

ಆ ವಯಸ್ಸಿನಲ್ಲಿ ಆ ಚಕ್ಕೆ ಸಹಜ. ಹುಡುಗಿಯರಲ್ಲಿ 10ರ ಆಸುಪಾಸು, ಹುಡುಗರಲ್ಲಿ ಸ್ವಲ್ಪ ತಡವಾಗಿ ಕಾಣಿಸಿಕೊಂಡು, ಕೆಲವು ವರ್ಷಗಳಲ್ಲಿ ಮೂಳೆಗೆ ಕೂಡಿಕೊಳ್ಳುತ್ತದೆ. ನಾನು ನೋಡಿದ್ದು ಚಕ್ಕೆಗೂ ಮೂಳೆಗೂ ನಡುವಿನ ಗೆರೆಯ ದಿಕ್ಕು. ಅದು ಮೂಳೆಯ ಉದ್ದಕ್ಕೇ ಹೋಗಿತ್ತು. ಕಾಲು ಉಳುಕಿ ಅಲ್ಲಿ ಮೂಳೆ ಮುರಿದರೆ ಗೆರೆ ಸಾಮಾನ್ಯವಾಗಿ ಅಡ್ಡ ಹೋಗುತ್ತದೆ. ಚಕ್ಕೆಯ ಅಂಚೂ ನುಣುಪಾಗಿತ್ತು, ಸುತ್ತ ತೆಳುವಾದ ಬಿಳಿ ಗೀಟಿತ್ತು. ಹೊಸದಾಗಿ ಮುರಿದ ಅಂಚು ಚೂಪಾಗಿರುತ್ತದೆ, ಆ ಬಿಳಿ ಗೀಟು ಇರುವುದಿಲ್ಲ.

ಆಮೇಲೆ ಪ್ಲಾಸ್ಟರ್ ಬಿಚ್ಚಿ ಬೆರಳಿಟ್ಟೆ. ಮೊದಲು ಚೆನ್ನಾಗಿರುವ ಕಾಲು ಮುಟ್ಟಿದೆ, ಹುಡುಗಿ ಹೆದರಬಾರದಲ್ವಾ? ನಂತರ ಚಕ್ಕೆಯ ಮೇಲೇ ಒತ್ತಿದೆ. ಅವಳು ಸುಮ್ನೆ ಕೂತಿದ್ದಳು. ಹೊರಗಡೆಯ ಹರಡಿನ ಮುಂದೆ, ಸ್ವಲ್ಪ ಕೆಳಗೆ ಒತ್ತಿದ ತಕ್ಷಣ ಕಾಲು ಎಳೆದುಕೊಂಡಳು. ಪೆಟ್ಟಾಗಿದ್ದು ಅಲ್ಲಿ ಮೂಳೆಗಳನ್ನು ಹಿಡಿದಿಡುವ ಪಟ್ಟಿಗೆ, ಅಂದರೆ ಲಿಗಮೆಂಟಿಗೆ. ಕ್ರೇಪ್ ಬ್ಯಾಂಡೇಜ್ ಸಾಕಾಯಿತು.

ಚಕ್ಕೆಯ ಮೇಲೇ ನೋವಿದ್ದಿದ್ದರೆ ಮುರಿದಿಲ್ಲ ಅಂತ ಅಷ್ಟು ಬೇಗ ಹೇಳುತ್ತಿರಲಿಲ್ಲ. ಎಳೆತಕ್ಕೆ ಚಕ್ಕೆ ಸರಿಯಬಹುದು, ಬಾವೂ ಬರಬಹುದು. ಇನ್ನೊಂದು ಕಾಲಿನ ಎಕ್ಸ್‌ರೇ ಜೊತೆ ಹೋಲಿಸಿದರೆ ಕೆಲವೊಮ್ಮೆ ಗೊತ್ತಾಗುತ್ತದೆ. ಆದರೆ ಎರಡೂ ಕಾಲು ಒಂದೇ ಸಮಕ್ಕೆ ಬೆಳೆದಿರಬೇಕು ಅಂತೇನಿಲ್ಲ.

ಯಾರೂ ಕೇಳದ ಪ್ರಶ್ನೆ ಒಂದಿದೆ. "ಎಕ್ಸ್‌ರೇ ಸರಿಯಾಗಿದೆ, ಮಗು ಮಾತ್ರ ಮುಟ್ಟಿದರೆ ಅಳುತ್ತೆ, ಏನು ಮಾಡಲಿ?" ನನಗೆ ಜಾಸ್ತಿ ಭಯ ಇದರದ್ದೇ. ಮಕ್ಕಳಲ್ಲಿ ಎಷ್ಟೋ ಕಡೆ ಲಿಗಮೆಂಟಿಗಿಂತ ಗ್ರೋತ್ ಪ್ಲೇಟೇ ಮೆದು. ಅದು ಬಿಟ್ಟುಕೊಂಡು ಮತ್ತೆ ತನ್ನ ಜಾಗಕ್ಕೇ ಕೂತರೆ ಫಿಲ್ಮಿನಲ್ಲಿ ಏನೂ ಕಾಣುವುದಿಲ್ಲ. ಮಣಿಕಟ್ಟಿನ ಹತ್ತಿರ ಗೆರೆಯ ಮೇಲೇ ನೋವಿದ್ದರೆ ನಾನು ಕಟ್ಟು ಹಾಕಿ, 7ರಿಂದ 10 ದಿನ ಬಿಟ್ಟು ಮತ್ತೆ ಒತ್ತಿ ನೋಡುತ್ತೇನೆ.

ಅದಕ್ಕೇ, ಗೆರೆಗೆ ಕೆಂಪು ಸುತ್ತು ಹಾಕಿ ಫೋಟೊ ಕಳಿಸಬೇಡಿ. ಮಗು "ಇಲ್ಲೇ" ಅಂದ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಕರೆದುಕೊಂಡು ಬನ್ನಿ.