ಲೆಕ್ಕ ಸರಿಯಾಯಿತು, ಕುರ್ಚಿ ನಮ್ಮದಲ್ಲ

ಅಕ್ಕನ ಮಗಳ ಮದುವೆ ಮುಗಿದು ನಾಲ್ಕು ದಿನ ಆಯಿತು. ಶಾಮಿಯಾನದ ಸಾಮಾನಿನ ಲೆಕ್ಕದ ಶೀಟು ಕೊನೆಗೂ ನಾನು ಬಯಸಿದ ಹಾಗೆ ಕೆಲಸ ಮಾಡಿದೆ.

ಹಿಂದಿನ ಎರಡು ಮದುವೆಗಳಲ್ಲಿ ಎಲ್ಲರ ಹಾಗೆ ‘ಹೋದದ್ದು’, ‘ಬಂದದ್ದು’ ಅಂತ ಎರಡೇ ಕಾಲಂ ಇಟ್ಟಿದ್ದೆ. ಎಷ್ಟು ಕಡಿಮೆ ಬಂತು ಅಂತ ಅದು ಹೇಳುತ್ತದೆ. ಎಲ್ಲಿ ಉಳಿಯಿತು ಅಂತ ಹೇಳುವುದಿಲ್ಲ. ನಮ್ಮ ಕಡೆ ಮದುವೆ ಒಂದೇ ಜಾಗದಲ್ಲಿ ನಡೆಯುವುದಿಲ್ಲ ಅಲ್ವಾ? ಚಪ್ಪರ ಮನೆ ಮುಂದೆ, ಧಾರೆ ಛತ್ರದಲ್ಲಿ, ಆಮೇಲೆ ಬೀಗರ ಊಟ ಗಂಡಿನ ಊರಲ್ಲಿ. ಅದೇ ಕುರ್ಚಿ, ಅದೇ ಸೌಟು ಮೂರು ಕಡೆ ಸುತ್ತುತ್ತವೆ.

ಹಾಗಾಗಿ ಈ ಸಲ ಸಾಮಾನು ಜಾಗ ಬಿಟ್ಟಾಗಲೆಲ್ಲ ಒಂದು ಸಾಲು ಬರೆದೆವು: ದಿನ, ಸಾಮಾನು, ಎಲ್ಲಿಂದ, ಎಲ್ಲಿಗೆ, ಎಷ್ಟು. ಒಂದು ಜಾಗದಲ್ಲಿ ಈಗ ಎಷ್ಟಿದೆ ಅನ್ನುವುದನ್ನು ಶೀಟೇ ಲೆಕ್ಕ ಹಾಕುತ್ತದೆ.

```
=SUMIFS(E:E,D:D,"ಛತ್ರ",B:B,H2)-SUMIFS(E:E,C:C,"ಛತ್ರ",B:B,H2)
```

H2ನಲ್ಲಿ ಸಾಮಾನಿನ ಹೆಸರು. ಛತ್ರಕ್ಕೆ ಬಂದದ್ದರಲ್ಲಿ ಛತ್ರದಿಂದ ಹೋದದ್ದನ್ನು ಕಳೆದರೆ ಆಯಿತು.

ಮೊದಲ ರಾತ್ರಿಯೇ ತಲೆ ಕೆಟ್ಟಿತು. ಟೆಂಪೋ ಇಳಿಸಿ ನೋಡಿದರೆ ಶೀಟಿನ ಪ್ರಕಾರ ಛತ್ರದಲ್ಲಿ ಒಂದು ಕುರ್ಚಿಯೂ ಇಲ್ಲ. ಕಣ್ಣೆದುರಿಗೆ ಸಾಲು ಸಾಲು ಕುರ್ಚಿ! ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿತು. ತಮ್ಮ ‘ಚತ್ರ’ ಅಂತ ಬರೆದಿದ್ದ. ಫಾರ್ಮುಲಾಗೆ ‘ಚತ್ರ’ ಬೇರೆ, ‘ಛತ್ರ’ ಬೇರೆ. ಅಲ್ಲೇ ನಿಂತು ಜಾಗದ ಕಾಲಂಗಳಿಗೂ ಸಾಮಾನಿನ ಕಾಲಂಗೂ ಡ್ರಾಪ್‌ಡೌನ್ ಹಾಕಿದೆ. ಇನ್ನು ಯಾರೂ ಕೈಯಲ್ಲಿ ಬರೆಯುವ ಹಾಗಿಲ್ಲ, ಆರಿಸಿಕೊಳ್ಳಬೇಕು ಅಷ್ಟೇ.

ಈಗ ಕುರ್ಚಿಯ ಕಥೆ. ಅಂಗಡಿಯಿಂದ ಮನೆಗೆ 120 ಬಂದವು. ಅದರಲ್ಲಿ 80 ಛತ್ರಕ್ಕೆ ಹೋದವು, 40 ಮನೆಯಲ್ಲೇ ಉಳಿದವು. ಗಂಡಿನ ಊರಿನ ಅಂಗಡಿಯಲ್ಲಿ ಕುರ್ಚಿ ಸಾಲಲಿಲ್ಲ ಅಂತ ಛತ್ರದಿಂದ 50 ಅಲ್ಲಿಗೆ ಕಳಿಸಿದೆವು. ವಾಪಸ್ ಮಾಡುವ ದಿನ ಮನೆಯಿಂದ 40, ಛತ್ರದಿಂದ 26, ಬೀಗರ ಮನೆಯಿಂದ 54 ಬಂದವು. ಒಟ್ಟು 120. ಅಂಗಡಿಯವರು ಎಣಿಸಿ, ಸರಿ ಇದೆ ಅಂದರು, ಚೀಟಿ ಹರಿದರು.

ಶೀಟು ಒಪ್ಪಲಿಲ್ಲ. ಮನೆ ಸೊನ್ನೆ. ಛತ್ರದ ಎದುರು 4. ಬೀಗರ ಮನೆಯ ಎದುರು −4.

ಆ ಮೈನಸ್ ನೋಡಿ ಮೊದಲು ಫಾರ್ಮುಲಾ ತಪ್ಪಿದೆ ಅಂದುಕೊಂಡೆ. ಆಮೇಲೆ ಅರ್ಥ ಆಯಿತು. 50 ಕಳಿಸಿದ ಕಡೆಯಿಂದ 54 ಬರುವುದು ಹೇಗೆ? ನಾಲ್ಕು ಬೇರೆಯವರದ್ದೇ ಆಗಿರಬೇಕು. ಅಂಗಡಿಗೆ ಹೋಗಿ ಕುರ್ಚಿ ತಿರುಗಿಸಿ ನೋಡಿದೆವು. ನಮ್ಮ ಅಂಗಡಿಯ ಗುರುತು ಸೀಟಿನ ಕೆಳಗೆ ಹಳದಿ ಬಣ್ಣ. ನಾಲ್ಕರ ಕೆಳಗೆ ನೀಲಿ ಇತ್ತು, ಗಂಡಿನ ಊರಿನ ಅಂಗಡಿಯದ್ದು. ನಮ್ಮ ನಾಲ್ಕು ಛತ್ರದ ಸ್ವಂತ ಕುರ್ಚಿಗಳ ಅಟ್ಟಿಯೊಳಗೆ ಸೇರಿಕೊಂಡಿದ್ದವು. ಎಲ್ಲವೂ ಒಂದೇ ಕೆಂಪು. ಎರಡೇ ಕಾಲಂ ಇದ್ದಿದ್ದರೆ ಎರಡು ತಪ್ಪು ಒಂದನ್ನೊಂದು ಮುಚ್ಚಿಬಿಡುತ್ತಿದ್ದವು. ಸುಮ್ನೆ ಬೀಗರು ತಮ್ಮ ಅಂಗಡಿಗೆ ನಾಲ್ಕು ಕುರ್ಚಿಯ ದುಡ್ಡು ಕಟ್ಟಬೇಕಾಗುತ್ತಿತ್ತು. ನಿನ್ನೆ ಎರಡೂ ಕಡೆ ಬದಲಾಯಿಸಿಕೊಂಡು ಬಂದೆವು.

ಮುರಿದ ಸಾಮಾನಿಗೆ ಬೇರೆ ಕಾಲಂ ಮಾಡಬೇಡಿ. ‘ಮುರಿದದ್ದು’ ಅನ್ನುವುದನ್ನೇ ಒಂದು ಜಾಗ ಮಾಡಿ. ಕಾಲು ಸೀಳಿದ ಕುರ್ಚಿ ಛತ್ರದಿಂದ ‘ಮುರಿದದ್ದು’ಗೆ ಹೋಗುತ್ತದೆ, ಲೆಕ್ಕ ಎಲ್ಲೂ ತಪ್ಪುವುದಿಲ್ಲ.

ಅಂಗಡಿಯವರ ಮೇಲೆ ಒಂದು ಸಿಟ್ಟು ಇದ್ದೇ ಇದೆ. ಚೀಟಿಯಲ್ಲಿ 12 ಸೌಟು ಬರೆದಿದ್ದರು, ಚೀಲದಲ್ಲಿ ಇದ್ದದ್ದು 11. ಅಡುಗೆಯವರು ಹೇಳಿದಾಗಲೇ ಗೊತ್ತಾಗಿದ್ದು. ಆಗ ಎಷ್ಟು ಹೇಳಿದರೂ ಕೇಳಲಿಲ್ಲ. ಡೊಂಕಾದ ಹಳೇ ಸೌಟಿಗೆ ಹೊಸದರ ಬೆಲೆ ಹಿಡಿದರು. ಗಾಡಿಗೆ ಹತ್ತಿಸುವ ಮೊದಲೇ ಅವರ ಹುಡುಗನ ಜೊತೆ ಎಣಿಸಿ, ನೆಲದ ಮೇಲೆ ಹರಡಿ ಫೋಟೋ ತೆಗೆಯಬೇಕು. ಕೊಪ್ಪರಿಗೆಯನ್ನೂ ಅದರ ಮುಚ್ಚಳವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು.

ಮುಂದಿನದು ನಮ್ಮೂರ ಜಾತ್ರೆಯ ಅನ್ನಸಂತರ್ಪಣೆ. ಅಲ್ಲಿ ಬಾಡಿಗೆ ಪಾತ್ರೆ ಕಡಿಮೆ, ಮನೆ ಮನೆಯಿಂದ ತಂದದ್ದೇ ಜಾಸ್ತಿ. ಆದರೆ ಹೆಚ್ಚಿನ ಪಾತ್ರೆಗಳ ಮೇಲೆ ಹೆಸರು ಕೊರೆಸಿರುತ್ತಾರೆ. ಹಾಗಾಗಿ ಪ್ರತಿ ಮನೆಯೂ ಒಂದು ಜಾಗ ಅಂತ ಶೀಟಿಗೆ ಸೇರಿಸಿದರೆ ಇದೇ ಫಾರ್ಮುಲಾ ನಡೆಯುತ್ತದೆ. ಹಿತ್ತಾಳೆ ದೀಪದ ಕಂಬಗಳದ್ದು ಮಾತ್ರ ಇನ್ನೂ ಬಗೆಹರಿದಿಲ್ಲ. ತಿರುಪು ಬಿಚ್ಚಿದರೆ ಒಂದು ಕಂಬ ಐದು ತುಂಡು. ಒಂದು ಅಂತ ಬರೆಯಲೋ, ಐದು ಅಂತ ಬರೆಯಲೋ? ಹೋದ ಸಲ ಕಂಬಗಳೆಲ್ಲ ವಾಪಸ್ ಬಂದಿದ್ದವು, ಒಂದರ ತುದಿಯ ಹಂಸ ಬಂದಿರಲಿಲ್ಲ.