ಬಡ್ಡಿ ಏರಿದರೆ ಠೇವಣಿ ಏರಲೇಬೇಕೆಂದಿಲ್ಲ: ಕಲಬುರಗಿಯ ಶಾಖೆಯೊಂದರ ಅನುಭವ

ರಿಸರ್ವ್ ಬ್ಯಾಂಕು ತನ್ನ ರೆಪೊ ದರವನ್ನು 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ಶೇ. 4ರಿಂದ ಶೇ. 6.5ಕ್ಕೆ ಏರಿಸಿತು. ಆಗ ಕಲಬುರಗಿಯ ಬ್ಯಾಂಕ್ ಶಾಖೆಯೊಂದರಲ್ಲಿ ಠೇವಣಿ ಮತ್ತು ಸಾಲದ ಕೆಲಸ ನೋಡಿಕೊಳ್ಳುತ್ತಿದ್ದ ನಾನು, ಬಡ್ಡಿ ಹೆಚ್ಚಾದರೆ ಸಾಲ ತಗ್ಗಿ ಠೇವಣಿ ಹೆಚ್ಚುತ್ತದೆ ಎಂಬ ಮಾತನ್ನು ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ಈ ಮಾತಿನ ಮೊದಲರ್ಧ ಬಹುಮಟ್ಟಿಗೆ ಸರಿ. ಎರಡನೆಯ ಅರ್ಧವನ್ನು ಮಾತ್ರ ಅಷ್ಟು ಧೈರ್ಯದಿಂದ ಹೇಳಲಾಗದು. ಏಕೆಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ ಕಳೆದ ಶತಮಾನದ ಮೊದಲ ದಶಕಗಳಲ್ಲಿ ರೂಪಿಸಿದ ಎರಡು ಅವಧಿಗಳ ಲೆಕ್ಕ ಸ್ಪಷ್ಟವಾಗಿ ತೋರಿಸುತ್ತದೆ.

ಆ ಲೆಕ್ಕದಲ್ಲಿ ಒಬ್ಬ ಮನುಷ್ಯನಿಗೆ ಈ ವರ್ಷದ್ದೊಂದು ಆದಾಯ, ಮುಂದಿನ ವರ್ಷದ್ದೊಂದು ಆದಾಯ ಇರುತ್ತದೆ. ಸಾಲವನ್ನೂ ಮಾಡದೆ, ಉಳಿತಾಯವನ್ನೂ ಮಾಡದೆ ಬಂದದ್ದನ್ನು ಬಂದಾಗಲೇ ಖರ್ಚು ಮಾಡುವುದು ಅವನಿಗೆ ಯಾವಾಗಲೂ ತೆರೆದಿರುವ ದಾರಿ. ಈ ವರ್ಷದ ಖರ್ಚನ್ನು ಅಡ್ಡಕ್ಕೂ ಮುಂದಿನ ವರ್ಷದ ಖರ್ಚನ್ನು ಉದ್ದಕ್ಕೂ ಗುರುತಿಸಿ, ಅವನ ಕೈಗೆಟುಕುವ ಜೋಡಿಗಳನ್ನು ಸೇರಿಸಿ ಗೆರೆ ಎಳೆದರೆ ಅದು ಅವನ ಬಜೆಟ್ ರೇಖೆ. ಬಡ್ಡಿ ಏರಿದಾಗ ಈ ರೇಖೆ ಇಡಿಯಾಗಿ ಮೇಲಕ್ಕೋ ಕೆಳಕ್ಕೋ ಸರಿಯುವುದಿಲ್ಲ; ಅವನ ಸ್ವಂತ ಆದಾಯದ ಬಿಂದುವಿನಲ್ಲಿ ಮೊಳೆ ಹೊಡೆದಂತೆ ನಿಂತು, ಅದರ ಸುತ್ತ ತಿರುಗಿ ಹೆಚ್ಚು ಕಡಿದಾಗುತ್ತದೆ. ಹೀಗಾಗಿ ಉಳಿಸುವವನ ಕಡೆ ರೇಖೆ ಹೊರಕ್ಕೆ ಹೋಗುತ್ತದೆ, ಸಾಲ ಮಾಡುವವನ ಕಡೆ ಒಳಕ್ಕೆ ಬರುತ್ತದೆ.

ಮೊದಲು ಸಾಲಗಾರನನ್ನು ನೋಡೋಣ. ಜೂನ್‌ನಲ್ಲಿ ಬಿತ್ತಿದ ತೊಗರಿ ಡಿಸೆಂಬರ್-ಜನವರಿಯಲ್ಲಿ ರಾಶಿಯಾಗುವವರೆಗೆ ಮನೆಖರ್ಚಿಗೆ ಬಂಗಾರ ಅಡವಿಟ್ಟು ಸಾಲ ಒಯ್ಯುವವರು ನಮ್ಮಲ್ಲಿ ಬಹಳ. ಅಂಥ ರೈತರೊಬ್ಬರಿಗೆ ಈ ವರ್ಷ 1,00,000 ರೂಪಾಯಿ, ಮುಂದಿನ ವರ್ಷ 2,20,000 ರೂಪಾಯಿ ಆದಾಯವಿದೆ ಎಂದೂ, ಬಡ್ಡಿ ಶೇ. 10 ಇದೆ ಎಂದೂ ಇಟ್ಟುಕೊಳ್ಳೋಣ. ಇವು ಲೆಕ್ಕ ಸುಲಭವಾಗಲೆಂದು ನಾನೇ ಹಾಕಿಕೊಂಡ ಅಂಕಿಗಳು. ಮುಂದಿನ ವರ್ಷದ 2,20,000ಕ್ಕೆ ಇಂದಿನ ಬೆಲೆ 2,00,000, ಆದ್ದರಿಂದ ಒಟ್ಟು 3,00,000. ಅದರಲ್ಲಿ ಅರ್ಧವನ್ನು ಈ ವರ್ಷಕ್ಕೆ ಬಳಸುವ ಸ್ವಭಾವ ಅವರದಾದರೆ 1,50,000 ಖರ್ಚು ಮಾಡುತ್ತಾರೆ, ಅದಕ್ಕಾಗಿ 50,000 ಸಾಲ ತರುತ್ತಾರೆ, ಮುಂದಿನ ವರ್ಷ 55,000 ತೀರಿಸಿ 1,65,000 ಉಳಿಸಿಕೊಳ್ಳುತ್ತಾರೆ.

ಬಡ್ಡಿ ಶೇ. 12ಕ್ಕೆ ಏರಿತೆನ್ನಿ. ಅದೇ 50,000 ತಂದರೆ ಈಗ 56,000 ಕಟ್ಟಬೇಕಾಗುವುದರಿಂದ ಹಳೆಯ ಜೋಡಿ ಒಂದು ಸಾವಿರ ರೂಪಾಯಿಯಷ್ಟು ಕೈಮೀರಿ ಹೋಯಿತು. ಹೊಸ ಲೆಕ್ಕದಲ್ಲಿ ಅವರು ಸುಮಾರು 48,214 ರೂಪಾಯಿ ಮಾತ್ರ ತರುತ್ತಾರೆ. ಅಂದರೆ ಸಾಲ 1,786 ರೂಪಾಯಿ ತಗ್ಗಿತು. ಆ ಒಂದು ಸಾವಿರವನ್ನು ಯಾರಾದರೂ ಮುಂದಿನ ವರ್ಷ ತುಂಬಿಕೊಟ್ಟಿದ್ದರೂ ಅವರು ಈ ವರ್ಷದ ಖರ್ಚನ್ನು ಸುಮಾರು 1,339 ರೂಪಾಯಿ ತಗ್ಗಿಸುತ್ತಿದ್ದರು, ಏಕೆಂದರೆ ಇಂದಿನ ಖರ್ಚು ನಾಳಿನದಕ್ಕಿಂತ ದುಬಾರಿಯಾಗಿದೆ. ಇದು ಬದಲಿ ಪರಿಣಾಮ. ಮಿಕ್ಕ 447 ರೂಪಾಯಿ ಅವರು ಬಡವರಾದುದರಿಂದ ಬಂದ ಇಳಿಕೆ. ಅದು ಆದಾಯ ಪರಿಣಾಮ. ಸಾಲಗಾರನಲ್ಲಿ ಇವೆರಡೂ ಒಂದೇ ದಿಕ್ಕಿಗೆ ಎಳೆಯುವುದರಿಂದ, ಬಡ್ಡಿ ಏರಿದಾಗ ಈ ವರ್ಷದ ಖರ್ಚು ತಗ್ಗುತ್ತದೆ ಎಂದು ನಿಶ್ಚಿತವಾಗಿ ಹೇಳಬಹುದು.

ಠೇವಣಿದಾರನಲ್ಲಿ ಇವೆರಡು ಎದುರುಬದುರಾಗಿ ಎಳೆಯುತ್ತವೆ. ಇಂದು ಉಳಿಸಿದ ರೂಪಾಯಿಗೆ ನಾಳೆ ಹೆಚ್ಚು ಸಿಗುವುದರಿಂದ ಇನ್ನಷ್ಟು ಉಳಿಸೋಣ ಎನಿಸುವುದು ಒಂದು ಕಡೆ. ಮೊದಲಿಗಿಂತ ಸ್ಥಿತಿವಂತನಾದ್ದರಿಂದ ಇಂದೂ ಸ್ವಲ್ಪ ಕೈಬಿಚ್ಚಿ ಖರ್ಚು ಮಾಡೋಣ ಎನಿಸುವುದು ಇನ್ನೊಂದು ಕಡೆ. ಯಾವುದು ಗೆಲ್ಲುತ್ತದೆ ಎಂಬುದನ್ನು ದರಪಟ್ಟಿ ಹೇಳಲಾರದು, ಎದುರಿಗೆ ಕುಳಿತ ವ್ಯಕ್ತಿ ಹೇಳಬೇಕು. ಮಗಳ ಮದುವೆಗೆಂದು ಹಣ ಇಡಲು ಬಂದ ಹಿರಿಯರೊಬ್ಬರು ಗೋಡೆಯ ಮೇಲಿನ ಹೊಸ ದರಪಟ್ಟಿ ನೋಡಿ, “ಸಾಹೇಬ್ರ, ಬಡ್ಡಿ ಏರ್ಯಾದಲ್ರಿ, ಹಂಗಾದ್ರ ಕಡಿಮಿ ಇಟ್ರೂ ನಡೀತದಲ್ರೀ?” ಎಂದು ಕೇಳಿದ್ದರು. ಅವರಿಗೆ ವರ್ಷದ ಕೊನೆಗೆ ಕೈಗೆ ಬರಬೇಕಾದ ಮೊತ್ತ ಗೊತ್ತು. ಅದು 1,07,000 ಎಂದುಕೊಂಡರೆ, ವರ್ಷದ ಸಾದಾ ಬಡ್ಡಿಯ ಲೆಕ್ಕದಲ್ಲಿ ಶೇ. 6ರ ದರಕ್ಕೆ ಸುಮಾರು 1,00,943 ರೂಪಾಯಿ ಇಡಬೇಕು, ಶೇ. 7ಕ್ಕೆ ಬರೀ 1,00,000 ಸಾಕು. ಬಡ್ಡಿ ಏರಿತು, ಠೇವಣಿ ಇಳಿಯಿತು, ಆದರೂ ಹಿರಿಯರ ಲೆಕ್ಕದಲ್ಲಿ ಎಲ್ಲಿಯೂ ಲೋಪವಿಲ್ಲ.

ಇದಕ್ಕೆ ತದ್ವಿರುದ್ಧವಾಗಿ, ಎರಡೂ ವರ್ಷ ಆದಾಯವಿದ್ದು ಅರ್ಧ-ಅರ್ಧ ಹಂಚುವ ಸ್ವಭಾವದವರು ಬಡ್ಡಿ ಏರಿದಾಗ ಠೇವಣಿಯನ್ನು ತುಸು ಹೆಚ್ಚಿಸುತ್ತಾರೆ. ಅದೇ ಸ್ವಭಾವದವರ ಆದಾಯವೆಲ್ಲ ಈ ವರ್ಷವೇ ಬಂದು ಮುಗಿಯುವಂತಿದ್ದರೆ ಅವರ ಠೇವಣಿ ಒಂದು ರೂಪಾಯಿಯಷ್ಟೂ ಅಲುಗಾಡುವುದಿಲ್ಲ. ಎರಡು ಸೆಳೆತಗಳು ಅಲ್ಲಿ ಸರಿಸಮ. ಹಾಗಾಗಿ ಠೇವಣಿ ನವೀಕರಣಕ್ಕೆ ಬಂದವರ ಬಾಯಲ್ಲಿ ಮೊದಲು ಬರುವ ಪ್ರಶ್ನೆಯನ್ನು ನಾನು ಗಮನಿಸುತ್ತೇನೆ. “ಕೊನೀಗೆ ಎಷ್ಟು ಬರ್ತದ?” ಎನ್ನುವವರು ಗುರಿಯ ಲೆಕ್ಕದವರು, ಅವರಿಂದ ಹೆಚ್ಚಿನ ಠೇವಣಿಯನ್ನು ನಿರೀಕ್ಷಿಸಿ ಗುರಿಪಟ್ಟಿ ತಯಾರಿಸುವುದು ವ್ಯರ್ಥ. ಬೇರೆ ಬ್ಯಾಂಕಿನ ದರ ಕೇಳುವವರದು ಇನ್ನೊಂದೇ ಕಥೆ: ಅವರು ಇದ್ದ ಉಳಿತಾಯವನ್ನೇ ಜಾಗ ಬದಲಿಸುತ್ತಾರೆ. ಶಾಖೆಯ ವರದಿಯಲ್ಲಿ ಅದು ಏರಿಕೆಯಾಗಿ ಕಂಡರೂ ಊರಿನ ಉಳಿತಾಯ ಏರಿರುವುದಿಲ್ಲ.

ಇಷ್ಟರ ನಡುವೆಯೂ ಒಂದು ಮಾತನ್ನು ಯಾರ ಸ್ವಭಾವ ಕೇಳದೆಯೂ ಹೇಳಬಹುದು. ಬಡ್ಡಿ ಏರಿತೆಂದು ಉಳಿಸುವವನು ಸಾಲಗಾರನಾಗಲಾರ. ಹೊಸ ರೇಖೆಯ ಸಾಲದ ಭಾಗದಲ್ಲಿರುವ ಎಲ್ಲ ಜೋಡಿಗಳೂ ಹಳೆಯ ದರದಲ್ಲಿ ಅವನಿಗೆ ಎಟುಕುತ್ತಲೇ ಇದ್ದವು, ಅವನ್ನು ಬಿಟ್ಟೇ ಅವನು ಉಳಿತಾಯವನ್ನು ಆರಿಸಿದ್ದ. ಸಾಲಗಾರನು ಉಳಿಸುವವನಾಗುವುದು ಮಾತ್ರ ಸಾಧ್ಯ.

ಸಾಲ, ಠೇವಣಿಗಳೆರಡಕ್ಕೂ ಒಂದೇ ದರವೆಂಬುದು ಪಠ್ಯದ ಅನುಕೂಲವಷ್ಟೆ. ಬ್ಯಾಂಕಿನಲ್ಲಿ ಠೇವಣಿಗೆ ಶೇ. 6, ಸಾಲಕ್ಕೆ ಶೇ. 10 ಇದ್ದರೆ ಬಜೆಟ್ ರೇಖೆ ಆದಾಯದ ಬಿಂದುವಿನಲ್ಲಿ ಮುರಿದು ಮೂಲೆಯಾಗುತ್ತದೆ. ಇಂದಿನ 100 ರೂಪಾಯಿ ಬಿಡಲು ಮುಂದಿನ ವರ್ಷ 108 ಬೇಕೆನ್ನುವವನಿಗೆ 106 ಕೊಡುವ ಠೇವಣಿಯೂ ಬೇಡ, 110 ಕೇಳುವ ಸಾಲವೂ ಬೇಡ; ಅವನು ಆ ಮೂಲೆಯಲ್ಲೇ ನಿಲ್ಲುತ್ತಾನೆ. ಠೇವಣಿ ದರ ಶೇ. 7, ಸಾಲದ ದರ ಶೇ. 12 ಆದರೂ ಅವನು ಕದಲುವುದಿಲ್ಲ. ಪ್ರತಿ ತಿಂಗಳೂ ಸಂಬಳದ ಖಾತೆಯನ್ನು ಬರಿದಾಗಿಸುವ, ಸಾಲವನ್ನೂ ಕೇಳದ ಗ್ರಾಹಕರಲ್ಲಿ ಅನೇಕರು ಇಲ್ಲಿಯವರೆಂದು ನನ್ನ ಅಂದಾಜು.

ಇನ್ನು ಯಾರಿಗೆ ದರ ನಿಜವಾಗಿ ಏರಿತು ಎಂಬುದನ್ನೂ ನೋಡಬೇಕು. 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಚರ ಬಡ್ಡಿಯಲ್ಲಿ ಕೊಟ್ಟ ಗೃಹಸಾಲಗಳು ಹೊರಗಿನ ಮಾನದಂಡಕ್ಕೆ, ಹೆಚ್ಚಾಗಿ ರೆಪೊಗೆ, ಜೋಡಣೆಯಾಗಿರುವುದರಿಂದ ಅಲ್ಲಿ ಏರಿಕೆ ಬೇಗ ತಟ್ಟಿತು. ಆದರೆ ಕಿಸಾನ್ ಕ್ರೆಡಿಟ್ ಕಾರ್ಡಿನ ಅಲ್ಪಾವಧಿ ಬೆಳೆಸಾಲ ಆಗ 3 ಲಕ್ಷದವರೆಗೆ ಶೇ. 7ರಲ್ಲೇ ಇತ್ತು, ಗಡುವಿನೊಳಗೆ ತೀರಿಸಿದರೆ ಸಹಾಯಧನ ಕಳೆದು ಶೇ. 4ಕ್ಕೆ ಬೀಳುತ್ತಿತ್ತು. ಅದನ್ನಷ್ಟೇ ನೆಚ್ಚಿದ ತೊಗರಿ ರೈತನ ರೇಖೆ ಆ ವರ್ಷ ತಿರುಗಲೇ ಇಲ್ಲ. ಅವನಿಗೆ ದರ ಏರುತ್ತಿದ್ದುದು ರಿಸರ್ವ್ ಬ್ಯಾಂಕಿನ ಪ್ರಕಟಣೆಯಿಂದಲ್ಲ, ಬೆಲೆ ಏರಲೆಂದು ತೊಗರಿಯನ್ನು ಮಾರದೆ ಇಟ್ಟುಕೊಂಡು ಗಡುವು ದಾಟಿಸಿದಾಗ.